ಯೋಗಲಕ್ಷಣಸೂತ್ರದ ಪದವಿಚಾರ

ಪತಂಜಲಿಗಳ ಸಮಾಧಿಪಾದದ ಎರಡನೆಯ ಸೂತ್ರವು ಯೋಗದ ಲಕ್ಷಣವನ್ನು ಹೇಳುತ್ತದೆ. ‘ಯೋಗ’ವೆಂದರೆ ಜೀವೇಶ್ವರರ ಕೂಡುವಿಕೆಯೆಂದು ನಮ್ಮ ಕಡೆ ಅನೇಕರು ಅರ್ಥ ಮಾಡುವರು. ಆ ಅರ್ಥವು ಇಲ್ಲಿ ಸಲ್ಲದು. ‘ಯುಜ್’ ಧಾತುವು ಸೇರಿಸುವಿಕೆಯೆಂಬರ್ಥದಲ್ಲಿ ರುಧಾದಿಗಣದಲ್ಲಿಯೂ, ಸಮಾಧಿಯೆಂಬರ್ಥದಲ್ಲಿ ದಿವಾದಿಗಣದಲ್ಲಿಯೂ ಪಠಿತವಾಗಿದೆ. ಭಾಷ್ಯಕಾರರು ಯೋಗವನ್ನು ಸಮಾಧಿಯೆಂದೇ ವಿವರಿಸಿರುವುದರಿಂದ ವಾಚಸ್ಪತಿಮಿಶ್ರರು ಎರಡನೆಯದನ್ನೇ ಗ್ರಹಿಸಿದರು.

ಉಳಿದುದು ಒಂದೇ ಸಮಾಸ: ಚಿತ್ತದ ವೃತ್ತಿಗಳು, ಅವುಗಳ ನಿರೋಧ. ‘ವೃತ್ತಿ’ಯೆಂದರೆ ಬರಿಯ ಚಾಂಚಲ್ಯವಲ್ಲ, ಚಿತ್ತವು ತಾಳುವ ಆಕಾರ. ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿಯೆಂದು ಅವು ಐದು. ನಿದ್ರೆಯೂ ಇಲ್ಲಿ ಸೇರಿರುವುದನ್ನು ಗಮನಿಸಬೇಕು. ಸುಖವಾಗಿ ನಿದ್ರಿಸಿದೆನೆಂದು ಎದ್ದವನು ನೆನೆಯುತ್ತಾನೆ. ಅನುಭವವಿಲ್ಲದೆ ನೆನಪು ಹುಟ್ಟದು. ಆದುದರಿಂದ ಧ್ಯಾನಕ್ಕೆ ಕುಳಿತು ತೂಕಡಿಸಿದವನ ನಿಶ್ಚಲತೆಯು ಯೋಗವಲ್ಲ.

ಹಾಗಾದರೆ ಒಂದೇ ವಸ್ತುವಿನಲ್ಲಿ ನೆಟ್ಟ ಚಿತ್ತದ ಗತಿಯೇನು? ಅಲ್ಲಿಯೂ ಒಂದು ವೃತ್ತಿಯು ಉಳಿದಿದೆಯಷ್ಟೆ! ಸೂತ್ರಕಾರರು ‘ಸರ್ವ’ಶಬ್ದವನ್ನು ಪ್ರಯೋಗಿಸಿಲ್ಲ, ಅದರಿಂದ ಸಂಪ್ರಜ್ಞಾತವೂ ಯೋಗವೇ ಎಂದು ಭಾಷ್ಯವು ಸಮಾಧಾನ ಹೇಳುತ್ತದೆ. ಕೆಲವು ವೃತ್ತಿಗಳು ನಿದ್ರೆಯಲ್ಲಿಯೂ ಅಡಗುವುವಲ್ಲವೇ ಎಂದರೆ, ಅಡಗುವುವು ನಿಜ. ಆದರೆ ಅಲ್ಲಿ ಕ್ಲೇಶಗಳು ಸವೆಯುವುದಿಲ್ಲ. ಏಕಾಗ್ರತೆಯಲ್ಲಿ ಸವೆಯುತ್ತವೆ. ಎದ್ದ ಮೇಲೆ ಹಿಂದಿನ ರಾಗದ್ವೇಷಗಳೇ ಹಾಗೆಯೇ ಮರಳಿದರೆ, ಕುಳಿತದ್ದು ನಿರೋಧವಲ್ಲ, ವಿಶ್ರಾಂತಿಯೆಂದು ತಿಳಿಯಬೇಕು.