ಪಡುವಣ ಮುಚ್ಚಿದಾಗ ಮೂಡಣದ ಹಾದಿ

ಶ್ರಾವಣದ ಭಾನುವಾರವೊಂದನ್ನು ಮಾಗೋಡು ಜಲಪಾತಕ್ಕೆಂದು ಮೀಸಲಿರಿಸಿಕೊಂಡ ಹುಬ್ಬಳ್ಳಿಯ ಗೃಹಸ್ಥರು, ಉತ್ತರ ಕನ್ನಡಕ್ಕೆ ಕಿತ್ತಳೆ ಎಚ್ಚರಿಕೆ ಬಂದಿತೆಂದು ಶನಿವಾರದ ಸಂಜೆ ಕೇಳಿದೊಡನೆ ಪ್ರಯಾಣವನ್ನೇ ಕೈಬಿಡುವುದುಂಟು. ಆದರೆ ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಹೊಸ್ತಿಲಲ್ಲಿಯೇ ನೆಲೆನಿಂತಿರುವ ಈ ಅವಳಿನಗರದ ಪ್ರವಾಸಿಗೆ, ಪರ್ಯಾಯವಿರುವುದು ಮನೆಯ ಸೂರಿನಡಿಯಲ್ಲಲ್ಲ, ಎದುರುದಿಕ್ಕಿನಲ್ಲಿ.

ಮುಂಗಾರಿನ ಮಾರುತವು ತನ್ನ ಜಲಭಾರವನ್ನು ಬಹುಮಟ್ಟಿಗೆ ಸಹ್ಯಾದ್ರಿಯಲ್ಲಿಯೇ ಇಳಿಸಿ ಬರುವುದರಿಂದ, ಯಲ್ಲಾಪುರದಲ್ಲಿ ಧಾರಾಕಾರವಾಗಿ ಸುರಿಯುವ ದಿನ ಗದಗಿನಲ್ಲಿ ಬರಿಯ ತುಂತುರು ಇದ್ದೀತು. ಇಪ್ಪತ್ನಾಲ್ಕು ಗಂಟೆಗಳಲ್ಲಿ 115.6 ಮಿ.ಮೀ. ಮುಟ್ಟಿದ ಮಳೆಯನ್ನು ಹವಾಮಾನ ಇಲಾಖೆಯು ‘ಅತಿ ಭಾರಿ’ ಎಂದೆಣಿಸುತ್ತದೆ. ಅಂತಹ ದಿನ ಮಾಗೋಡಿನಲ್ಲಿ ನೀರು ಎಷ್ಟೇ ಇದ್ದರೂ, ಕಣಿವೆಯ ಈಚೆಯಿಂದ, ದೂರದಿಂದಲೇ ನೋಡಬೇಕಾದ ಆ ಜಲಪಾತವನ್ನು ಮಂಜು ಸಂಪೂರ್ಣವಾಗಿ ಮರೆಮಾಡಿ, ಕೇವಲ ಭೋರ್ಗರೆತವನ್ನಷ್ಟೇ ಕಿವಿಗೆ ಉಳಿಸುತ್ತದೆ. ಆದರೆ ಎಚ್ಚರಿಕೆಯು ಇಡೀ ಜಿಲ್ಲೆಗೆ ಅನ್ವಯಿಸುವಂಥದು. ಕಡಲತೀರದ ಮಳೆಯನ್ನು ಕುರಿತು ಹೇಳಿದ್ದು ಘಟ್ಟದ ಮೇಲಕ್ಕೆ ಹೊಂದದಿರಬಹುದು. ಆದುದರಿಂದ ಯಲ್ಲಾಪುರದ ಹಿಂದಿನ ದಿನದ ಮಳೆಯ ಪ್ರಮಾಣವನ್ನೂ ಅರಿತುಕೊಂಡು, ಭಾನುವಾರದ ಬೆಳಗಿನ ಆರಕ್ಕೆ, ಮನೆಬಾಗಿಲಿನಲ್ಲಿಯೇ, ದಿಕ್ಕನ್ನು ನಿಶ್ಚಯಿಸತಕ್ಕದ್ದು. ಕಲಘಟಗಿಯವರೆಗೆ ಹೋಗಿ ಮನಸ್ಸು ಬದಲಿಸಿದರೆ, ಹೋಗಿಬರುವುದರಲ್ಲಿಯೇ ಅರವತ್ತು ಕಿಲೋಮೀಟರು ವ್ಯರ್ಥವಾಗುತ್ತದೆ.

ಕಳೆದ ವರ್ಷ ಬೀಗರ ಕಡೆಯವರು ಬಂದಿದ್ದಾಗ ನಾನು ಹೀಗೆಯೇ ಮಾಡಿದೆನು. ಬುತ್ತಿ ಅದೇ ರೊಟ್ಟಿ, ಶೇಂಗಾಚಟ್ನಿ. ಹೊರಟ ಹೊತ್ತೂ ಅದೇ. ತಿರುಗಿದುದು ಮಾತ್ರ ಗದಗಿನ ರಸ್ತೆಗೆ. ಅಣ್ಣಿಗೇರಿಯ ಅಮೃತೇಶ್ವರನನ್ನು ಕಂಡು, ಲಕ್ಕುಂಡಿಯ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರಗಳ ಮುಂದೆ ನಿಂತಾಗ, ಬಿಸಿಲಿನ ಕಠೋರ ನೆರಳುಗಳಿಲ್ಲದ ಮೋಡದ ಬೆಳಕಿನಲ್ಲಿ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಯು ಒಂದೊಂದಾಗಿ ಕಣ್ಣಿಗೆ ತೆರೆದುಕೊಂಡಿತು. ತುಂತುರು ಬಿದ್ದಾಗ ಮಂಟಪವೇ ಆಶ್ರಯವಾಯಿತು. ಪಾಲಿಸಬೇಕಾದ ನಿಯಮ ಒಂದೇ: ಎರಿನೆಲದ ಹೊಲದಾರಿಗೆ ಇಳಿಯಕೂಡದು, ಸ್ವಲ್ಪ ತೊಯ್ದರೂ ಆ ಮಣ್ಣು ಗಾಲಿಯನ್ನೂ ಪಾದರಕ್ಷೆಯನ್ನೂ ಹಿಡಿದುಬಿಡುತ್ತದೆ.

ಈ ಉಪಾಯಕ್ಕೂ ಮಿತಿಯುಂಟು. ಬಂಗಾಳ ಉಪಸಾಗರದ ವಾಯುಭಾರಕುಸಿತವು ಒಳನಾಡಿಗೆ ಬಂದಾಗ ಮೂಡಣಕ್ಕೂ ಮಳೆಯೇ; ಗದಗು, ಉತ್ತರ ಕನ್ನಡಗಳೆರಡಕ್ಕೂ ಎಚ್ಚರಿಕೆಯಿರುವುದೇ ಅದರ ಗುರುತು. ಆಗ ಊರ ಸಮೀಪದ ಉಣಕಲ್ಲಿನ ಚಂದ್ರಮೌಳೀಶ್ವರನೇ ಸಾಕು. ಆಶ್ವೀಜದ ಗುಡುಗುಮಳೆಯಾದರೋ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವಂಥದು. ಅಲ್ಲಿ ಬದಲಿಸಬೇಕಾದುದು ದಿಕ್ಕನ್ನಲ್ಲ, ಹೊತ್ತನ್ನು.

ಇನ್ನು ಮಾಗೋಡು ತಪ್ಪಿತೆಂದು ಮರುಗಬೇಕಾದುದಿಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೇ ಬೇಡ್ತಿಯನ್ನು ಕೂಡಿ ಅಲ್ಲಿ ಧುಮುಕುವುದು. ಮಳೆ ನಿಂತ ಎರಡು-ಮೂರು ದಿನಗಳವರೆಗೂ ಹೊಳೆ ತುಂಬಿಯೇ ಹರಿಯುತ್ತಿರುತ್ತದೆ, ಮಂಜು ಮಾತ್ರ ಸರಿದಿರುತ್ತದೆ. ನಮ್ಮೂರ ನೀರನ್ನು ಅಲ್ಲಿ ಕಣ್ತುಂಬ ಕಾಣುವ ದಿನ ಅದು.