ಮೇ ತಿಂಗಳ ಲಾಭ ಎಷ್ಟು?

ಶಾಲೆ ತೆರೆಯುವ ಹೊತ್ತಿಗೆ ಸಣ್ಣ ಊರಿನ ಹೊಲಿಗೆ ಅಂಗಡಿಯ ಗಲ್ಲಾ ತುಂಬುತ್ತದೆ. ಸಮವಸ್ತ್ರಕ್ಕೆ ಮಕ್ಕಳ ಅಳತೆ ಕೊಟ್ಟವರೆಲ್ಲ ಮುಂಗಡವನ್ನೂ ಕೊಟ್ಟು ಹೋಗುತ್ತಾರೆ. ಬಂದದ್ದು ಜಮಾ, ಹೋದದ್ದು ಖರ್ಚು ಎಂದು ಬರೆದಿಡುವ ನಗದು ಪದ್ಧತಿ ದಾರಿ ತಪ್ಪಿಸುವುದು ಇಂಥ ತಿಂಗಳಲ್ಲೇ.

ಅಂಥದೊಂದು ಅಂಗಡಿಯ ಮೇ ಲೆಕ್ಕವನ್ನು ದುಂಡು ಅಂಕಿಗಳಲ್ಲಿ ಊಹಿಸಿಕೊಳ್ಳೋಣ. ರವಿಕೆ, ಪ್ಯಾಂಟು ಹೊಲಿದುಕೊಟ್ಟು ಕೈಗೆ ಬಂದದ್ದು 22,000 ರೂಪಾಯಿ. ಏಪ್ರಿಲ್‌ನ ಉದ್ರಿ ವಸೂಲಾದದ್ದು 4,000. ಜೂನ್‌ನಲ್ಲಿ ಹೊಲಿಯಬೇಕಾದ ಸಮವಸ್ತ್ರದ ಮುಂಗಡ 18,000. ಒಟ್ಟು ಜಮಾ 44,000. ಹೊಲಿಗೆಯವರಿಗೆ ಪೀಸ್ ಲೆಕ್ಕದ ಕೂಲಿ 12,000 ಹೋಯಿತು. ದಾರ, ಲೈನಿಂಗ್, ಗುಂಡಿಗೆ 9,000. ಉಳಿದದ್ದು 23,000.

ಆಡಿಟರುಗಳು ಮರ್ಕೆಂಟೈಲ್ ಎನ್ನುವ ಸಂಚಯ ಪದ್ಧತಿ ಕೇಳುವುದು ಬೇರೆಯದನ್ನೇ: ಮೇ ತಿಂಗಳಲ್ಲಿ ದುಡಿದದ್ದೆಷ್ಟು, ಆ ದುಡಿಮೆಗೆ ತಗುಲಿದ್ದೆಷ್ಟು? ಮುಂಗಡ ಇನ್ನೂ ಗಿರಾಕಿಯ ಋಣ, ಆದಾಯವಲ್ಲ. ಹಳೆಯ ಉದ್ರಿ ಏಪ್ರಿಲ್‌ನ ಆದಾಯ. ಮೇನಲ್ಲಿ ಬಟ್ಟೆ ಕೊಟ್ಟು, ಹಣ ಬಾರದೆ ಉಳಿದ 3,000 ಮಾತ್ರ ಈ ತಿಂಗಳಿಗೇ ಸೇರುತ್ತದೆ. ಹಾಗಾಗಿ ಆದಾಯ 25,000. ಖರ್ಚಿನಲ್ಲಿ ಕೊಟ್ಟ ಕೂಲಿಯ ಜೊತೆ ಕೊಡಬೇಕಾದ 3,000 ಸೇರಿ 15,000. ಸಾಮಾನಿನಲ್ಲಿ 5,000ದ್ದು ಕಪಾಟಿನಲ್ಲೇ ಉಳಿದಿರುವುದರಿಂದ ಬಳಸಿದ 4,000. ಇನ್ನೂ ಕೊಡದ ಬಾಡಿಗೆ 5,000. ಒಟ್ಟು 24,000. ಲಾಭ ಒಂದೇ ಸಾವಿರ. ಯಂತ್ರದ ಸವಕಳಿ ಹಿಡಿದರೆ ಅದೂ ಕರಗುತ್ತದೆ.

23,000 ಲಾಭವೆಂದು ನಂಬಿ 20,000 ಮನೆಗೆ ಒಯ್ದರೆ ಜೂನ್‌ನಲ್ಲಿ ಸಿಕ್ಕಿಬೀಳುವುದು ಖಂಡಿತ. ಸಮವಸ್ತ್ರದ ಕೂಲಿ ಆಗ ಹೋಗಬೇಕು, ಬರುವುದು ಮುಂಗಡ ಕಳೆದ ಬಾಕಿ ಮಾತ್ರ. ನಿಜವಾಗಿ ಹೆಚ್ಚು ದುಡಿದ ಆ ತಿಂಗಳೇ ನಗದು ಪುಸ್ತಕದಲ್ಲಿ ಸೊರಗಿ ಕಾಣುತ್ತದೆ.

ಹಾಗೆಂದು ಸಂಚಯ ಪದ್ಧತಿಯೂ ನಿರ್ದೋಷಿಯಲ್ಲ. ಉದ್ರಿಯನ್ನು ಆದಾಯವೆಂದು ಬರೆದುಕೊಳ್ಳುತ್ತದೆ, ಗಿರಾಕಿ ಕೈಕೊಟ್ಟರೆ ಆ ಲಾಭ ಕಾಗದದ ಮೇಲೇ ಉಳಿಯುತ್ತದೆ. ತಿಂಗಳ ಕೊನೆಗೆ ಅರ್ಧ ಹೊಲಿದ ಬಟ್ಟೆಗಳಿದ್ದರೆ ಅವಕ್ಕೆ ಬೆಲೆ ಕಟ್ಟುವುದು ಅಂದಾಜಿನ ಮೇಲೆಯೇ. ಶನಿವಾರದ ಬಟವಾಡೆಗೆ ಹಣವಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅದನ್ನು ಹೇಳುವುದು ನಗದು ಪುಸ್ತಕ.

1961ರ ಆದಾಯ ತೆರಿಗೆ ಕಾಯ್ದೆಯ 145ನೇ ಕಲಂ ವ್ಯಾಪಾರಿಗೆ ಎರಡರಲ್ಲೊಂದನ್ನು ಆರಿಸಿಕೊಂಡು ಅದನ್ನೇ ನಿಯಮಿತವಾಗಿ ಪಾಲಿಸಲು ಬಿಟ್ಟಿತು. 2013ರ ಕಂಪನಿ ಕಾಯ್ದೆ ಕಂಪನಿಗಳಿಗೆ ಆ ಆಯ್ಕೆ ಕೊಡಲಿಲ್ಲ, ಸಂಚಯವೇ ಕಡ್ಡಾಯ. ಹೊಲಿಗೆ ಅಂಗಡಿಗೆ ದಿನವೂ ನಗದು ಪುಸ್ತಕ ಸಾಕು. ಆದರೆ ಮಾಲೀಕ ಮನೆಖರ್ಚಿಗೆ ಕೈಹಾಕುವ ಮುನ್ನ ಮುಂಗಡ, ಉದ್ರಿ, ಕೊಡಬೇಕಾದ ಬಾಕಿ, ಉಳಿದ ಸಾಮಾನು ಎಂಬ ನಾಲ್ಕು ಬಾಬುಗಳನ್ನು ತಿಂಗಳ ಕೊನೆಯ ದಿನ ಬರೆದು ಸರಿದೂಗಿಸಲೇಬೇಕು.