ಮೀಸಲು ಸ್ಥಾನವನ್ನು ಗೆಲ್ಲಿಸುವ ಮತ ಯಾರದು?

ಹನ್ನಾ ಪಿಟ್ಕಿನ್ ಅವರ ‘ದಿ ಕಾನ್ಸೆಪ್ಟ್ ಆಫ್ ರೆಪ್ರೆಸೆಂಟೇಶನ್’ 1967ರಲ್ಲಿ ಬಂದ ಮೇಲೆ ಪ್ರಾತಿನಿಧ್ಯದ ಚರ್ಚೆಯೆಲ್ಲ ಅದು ಹಾಕಿಕೊಟ್ಟ ಗೆರೆಯ ಮೇಲೆಯೇ ನಡೆದಿದೆ. ಒಂದು, ಗುರುತಿನ ಪ್ರಾತಿನಿಧ್ಯ: ಸದನದಲ್ಲಿ ಕೂತವರು ಜನರನ್ನು ಹೋಲುತ್ತಾರೆಯೇ? ಇನ್ನೊಂದು, ಹಿತದ ಪ್ರಾತಿನಿಧ್ಯ: ಕೂತವರು ಆ ಜನರ ಪರವಾಗಿ ಕೆಲಸ ಮಾಡುತ್ತಾರೆಯೇ? ಪಿಟ್ಕಿನ್ ಒಲವು ಎರಡನೆಯದರ ಕಡೆಗಿದೆ. ಈ ವಿಂಗಡಣೆಯ ಸ್ಪಷ್ಟತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭಾರತದ ಮೀಸಲು ಕ್ಷೇತ್ರಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ ಎಂಬ ನಂಬಿಕೆ ಇದೆಯಲ್ಲ, ಅದು ಅತಿಯಾಯಿತು. ಈ ಎರಡು ಪ್ರಶ್ನೆಗಳ ನಡುವೆ ಮೂರನೆಯದೊಂದು ಇದೆ: ಆ ಪ್ರತಿನಿಧಿಯನ್ನು ಗೆಲ್ಲಿಸಿದವರು ಯಾರು, ಸೋಲಿಸುವ ಶಕ್ತಿ ಯಾರ ಕೈಯಲ್ಲಿದೆ? ಅಧಿಕಾರ ಕೊಡುವುದು, ಲೆಕ್ಕ ಕೇಳುವುದು, ಇವೆರಡನ್ನೂ ಪಿಟ್ಕಿನ್ ಮೊದಲ ಅಧ್ಯಾಯಗಳಲ್ಲೇ ‘ಔಪಚಾರಿಕ’ ದೃಷ್ಟಿಯೆಂದು ಹೆಸರಿಸಿ, ಅಷ್ಟೇ ಸಾಲದೆಂದು ಮುಂದೆ ಹೋಗುತ್ತಾರೆ. ಗುರುತು ಹಿತವಾಗಿ ಮಾರ್ಪಡುವ ದಾರಿ ಇರುವುದು ಅಲ್ಲಿಯೇ ಎಂಬುದು ನನ್ನ ವಾದ.

ನಮ್ಮಲ್ಲಿ ಈ ಮೂರನೆಯ ಪ್ರಶ್ನೆಯನ್ನು ಪಿಟ್ಕಿನ್‌ಗಿಂತ ಮೂರು ದಶಕ ಮೊದಲೇ ಕೇಳಿದ್ದರು. ಪೂನಾ ಒಪ್ಪಂದದ ಕಥೆ ಓದುಗರಿಗೆ ಗೊತ್ತೇ ಇದೆ. ಆದರೆ ಅದರ ಎರಡನೆಯ ಷರತ್ತನ್ನು ಓದುವವರು ಕಡಿಮೆ. ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನ ಕೊಟ್ಟು ಜಂಟಿ ಮತದಾನವನ್ನು ಒಪ್ಪಿಸಿದ ಆ ಒಪ್ಪಂದದಲ್ಲಿ, ಪ್ರತಿ ಮೀಸಲು ಸ್ಥಾನಕ್ಕೂ ಮೊದಲು ದಲಿತ ಮತದಾರರು ಮಾತ್ರವೇ ಮತ ಹಾಕಿ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಇಡೀ ಕ್ಷೇತ್ರ ಗೆಲ್ಲಿಸಬೇಕು ಎಂದಿತ್ತು. ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿದ ಮೇಲೆ ಅಂಬೇಡ್ಕರ್ ಉಳಿಸಿಕೊಂಡದ್ದು ಇಷ್ಟು. ಇದಕ್ಕೂ ಹತ್ತು ವರ್ಷದ ಗಡುವಿತ್ತು. ಸಂವಿಧಾನ ಬರುವ ಹೊತ್ತಿಗೆ ಷರತ್ತು ಹೋಯಿತು, ಜಂಟಿ ಮತದಾನ ಮಾತ್ರ ಉಳಿಯಿತು.

ಹೋದದ್ದನ್ನು ಬೇರೊಂದು ರೂಪದಲ್ಲಿ ತರಲು ಯತ್ನಿಸಿದವರು ಮದ್ರಾಸ್ ಪ್ರಾಂತ್ಯದ ಸದಸ್ಯ ಎಸ್. ನಾಗಪ್ಪ. 1947ರ ಆಗಸ್ಟ್ 28ರಂದು ಸಂವಿಧಾನ ರಚನಾ ಸಭೆಯಲ್ಲಿ ಅವರೊಂದು ತಿದ್ದುಪಡಿ ಮಂಡಿಸಿದರು. ಪರಿಶಿಷ್ಟ ಜಾತಿಯ ಮೀಸಲು ಸ್ಥಾನದಲ್ಲಿ ಗೆದ್ದನೆಂದು ಘೋಷಿಸುವ ಮುನ್ನ, ಆ ಅಭ್ಯರ್ಥಿಗೆ ಪರಿಶಿಷ್ಟ ಜಾತಿಯವರು ಹಾಕಿದ ಮತಗಳಲ್ಲಿ ಕನಿಷ್ಠ ಶೇ 35ರಷ್ಟಾದರೂ ಬಂದಿರಬೇಕು ಎಂಬುದು ಅದರ ತಿರುಳು. ಸರ್ದಾರ್ ಪಟೇಲರು ವಿರೋಧಿಸಿದರು. ತಿದ್ದುಪಡಿ ಸಂವಿಧಾನದೊಳಗೆ ಬರಲಿಲ್ಲ. ಪಿಟ್ಕಿನ್ ಪುಸ್ತಕಕ್ಕೆ ಸಿಕ್ಕ ಮನ್ನಣೆಯ ಒಂದು ಪಾಲಾದರೂ ಈ ಒಂದು ವಾಕ್ಯಕ್ಕೆ ಸಿಗಬೇಕಿತ್ತು.

ಲೆಕ್ಕ ಹಾಕಿ ನೋಡಿ. ಒಂದು ಮೀಸಲು ಕ್ಷೇತ್ರದಲ್ಲಿ ಒಂದು ಲಕ್ಷ ಮತ ಬಿದ್ದಿದೆ ಎಂದುಕೊಳ್ಳೋಣ. ಅದರಲ್ಲಿ ದಲಿತರ ಮತ 20,000. ಕಣದಲ್ಲಿರುವ ಇಬ್ಬರೂ ದಲಿತರೇ. ಮೊದಲನೆಯವರು ಭೂಮಿ, ಕೂಲಿ, ದೌರ್ಜನ್ಯದ ಕೇಸುಗಳ ಹಿಂದೆ ಬಿದ್ದವರು. ಅವರಿಗೆ ದಲಿತರ 14,000, ಉಳಿದವರ 16,000, ಒಟ್ಟು 30,000 ಮತ. ಎರಡನೆಯವರು ಊರಿನ ಜಮೀನುದಾರರಿಗೆ ಬೇಕಾದವರು. ಅವರಿಗೆ ದಲಿತರ 6,000, ಉಳಿದವರ 64,000, ಒಟ್ಟು 70,000. ಗೆದ್ದವರು ಎರಡನೆಯವರು. ಗುರುತಿನ ಲೆಕ್ಕದಲ್ಲಿ ಯಾರು ಗೆದ್ದರೂ ಒಂದೇ, ಸದನಕ್ಕೆ ಒಬ್ಬ ದಲಿತ ಶಾಸಕ ಬಂದರು. ನಾಗಪ್ಪನವರ ನಿಯಮದಲ್ಲಿ ಮಾತ್ರ ಎರಡನೆಯವರಿಗೆ ಸ್ವಂತ ಸಮುದಾಯದ ಶೇ 30 ಮತವಷ್ಟೇ ಇರುವುದರಿಂದ ಅವರ ಗೆಲುವು ನಿಲ್ಲುವುದಿಲ್ಲ. ಆ ನಿಯಮವಿದೆ ಎಂದು ಮೊದಲೇ ಗೊತ್ತಿದ್ದರೆ ಪಕ್ಷಗಳು ಬಿ ಫಾರಂ ಕೊಡುವಾಗಲೇ ಕೇರಿಯಲ್ಲಿ ಯಾರಿಗೆ ಬೆಲೆಯಿದೆ ಎಂದು ವಿಚಾರಿಸಬೇಕಾಗುತ್ತಿತ್ತು. ನಿಯಮದ ನಿಜವಾದ ಬಲ ಎಣಿಕೆಯ ದಿನಕ್ಕಿಂತ ಟಿಕೆಟ್ ಹಂಚುವ ದಿನದಲ್ಲಿದೆ.

ತೊಡಕುಗಳೂ ಇವೆ. ದಲಿತರ ಮತವನ್ನು ಬೇರೆಯಾಗಿ ಎಣಿಸಬೇಕಾದರೆ ಪೆಟ್ಟಿಗೆಯೋ ಮತಪತ್ರವೋ ಬೇರೆಯಾಗಬೇಕು. ಇಪ್ಪತ್ತು ಮನೆಗಳ ಕೇರಿಯಿರುವ ಊರಿನಲ್ಲಿ ಹಾಗೆ ಮಾಡಿದರೆ ಯಾರು ಯಾರಿಗೆ ಹಾಕಿದರೆಂಬುದು ಬಯಲಾಗುತ್ತದೆ, ಅದರ ಬೆಲೆ ತೆರುವವರು ಕೇರಿಯವರೇ. ಸಮುದಾಯದ ಮತ ಮೂರು ನಾಲ್ಕು ಪಾಲಾದರೆ ಯಾರಿಗೂ ಶೇ 35 ದಕ್ಕದೆ ಸ್ಥಾನವೇ ಖಾಲಿ ಬೀಳಬಹುದು. ಇವು ನಿಯಮವನ್ನು ತಿದ್ದಲು ಕಾರಣಗಳು. ಪ್ರಶ್ನೆಯನ್ನೇ ಕೈಬಿಡಲು ಕಾರಣಗಳಲ್ಲ.

ಇಲ್ಲಿ ನನಗೆ ಇತ್ತೀಚಿನ ವಿಮರ್ಶಕರ ಜೊತೆ ತಕರಾರಿದೆ. ಫ್ರಾನ್ಸೆಸ್ಕಾ ಜೆನ್ಸೇನಿಯಸ್ 2017ರ ತಮ್ಮ ಪುಸ್ತಕದಲ್ಲಿ 1971ರಿಂದ 2001ರವರೆಗಿನ ಅಂಕಿಅಂಶ ಹಿಡಿದು, ಒಂದನ್ನೊಂದು ಹೋಲುವ ಮೀಸಲು ಮತ್ತು ಸಾಮಾನ್ಯ ಕ್ಷೇತ್ರಗಳನ್ನು ಜೋಡಿಸಿ ನೋಡಿದರು. ದಲಿತರ ಅಭಿವೃದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಎತ್ತಿ ಹಿಡಿದು ‘ನೋಡಿ, ಮೀಸಲಾತಿಯಿಂದ ಏನೂ ಆಗಲಿಲ್ಲ’ ಎನ್ನುವವರು ಪುಸ್ತಕವನ್ನು ಅರ್ಧ ಓದಿದ್ದಾರೆ. ಎಲ್ಲ ಜಾತಿಗಳ ಮತ ಬೇಡುವ ಶಾಸಕರನ್ನು ಸೃಷ್ಟಿಸಲೆಂದೇ ಈ ವ್ಯವಸ್ಥೆ ರೂಪುಗೊಂಡಿತು, ಅಂಥ ಶಾಸಕರೇ ಬಂದರು ಎಂದು ಜೆನ್ಸೇನಿಯಸ್ ಅವರೇ ತೋರಿಸುತ್ತಾರೆ. ಅದರಿಂದ ಹೊರಡುವ ತೀರ್ಮಾನ ಒಂದೇ: ಸೋತದ್ದು ಗುರುತಿನ ಪ್ರಾತಿನಿಧ್ಯವಲ್ಲ, ಗುರುತನ್ನು ಅದರ ಮತದಾರರಿಂದ ಕಡಿದು ಹಾಕಿದ ಏರ್ಪಾಡು.

ಎದುರು ಪಾಳಯದವರೂ ಅವಸರದವರೇ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಪರಿಶೀಲಿಸಿ, ಮಹಿಳೆ ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿದೆಯೆಂದು ತೋರಿಸಿದರು. ಇದನ್ನು ವಿಧಾನಸಭೆಗೆ ಹಾಗೆಯೇ ಅನ್ವಯಿಸುವುದು ತಪ್ಪು. ಪಂಚಾಯಿತಿ ಅಧ್ಯಕ್ಷರ ಕೈಯಲ್ಲಿ ಕಾಮಗಾರಿ ಆರಿಸುವ ಅಧಿಕಾರವಿದೆ. ಶಾಸಕರ ಮತವನ್ನು ಸದನದಲ್ಲಿ ಪಕ್ಷದ ವಿಪ್ ಹಿಡಿದಿಟ್ಟಿರುತ್ತದೆ, 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರವಂತೂ ಇನ್ನೂ ಬಿಗಿಯಾಗಿ. ಅಷ್ಟೇಕೆ, ಪಂಚಾಯಿತಿಯಲ್ಲೂ ಪಕ್ಷದ ನಂಟು ಜಾತಿಯ ಗುರುತನ್ನು ಮೀರುತ್ತದೆಂದು ಕರ್ನಾಟಕವನ್ನೂ ಒಳಗೊಂಡ ಥಾಡ್ ಡನ್ನಿಂಗ್, ಜಾನ್ಹವಿ ನಿಲೇಕಣಿ ಅವರ 2013ರ ಅಧ್ಯಯನ ಹೇಳಿದೆ.

ನಮ್ಮ ವಿಧಾನಸಭೆಯ ಉದಾಹರಣೆಯೇ ಸಾಕು. 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಈ ಸಮುದಾಯಗಳ ಜನಸಂಖ್ಯೆಗೆ ತಕ್ಕ ಹಣವನ್ನು ಅವರಿಗೇ ತೆಗೆದಿಡಬೇಕೆಂಬ ಉಪಯೋಜನೆ ಕಾಯ್ದೆ 2013ರಲ್ಲಿ ಬಂತು. ಅದರಲ್ಲೇ 7(ಡಿ) ಎಂಬ ಕಲಮು ಸೇರಿಕೊಂಡಿತು. ಎಲ್ಲರಿಗೂ ಬಳಕೆಯಾಗುವ ಕಾಮಗಾರಿಯ ವೆಚ್ಚದಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೇ ಖರ್ಚಾಯಿತೆಂದು ತೋರಿಸಲು ಅದು ಅವಕಾಶ ಕೊಟ್ಟಿತು. ಹೊರಗೆ ದಲಿತ ಸಂಘಟನೆಗಳು ಅದನ್ನು ತೆಗೆಯಿರೆಂದು ಕೂಗುತ್ತಲೇ ಇದ್ದವು. ತೆಗೆದದ್ದು 2023ರಲ್ಲಿ. ಆ ಹತ್ತು ವರ್ಷವೂ 51 ಮೀಸಲು ಸ್ಥಾನಗಳು ತುಂಬಿಯೇ ಇದ್ದವು. ಆ ಶಾಸಕರಿಗೆ ಕಾಳಜಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆ ಕಲಮು ಉಳಿದದ್ದಕ್ಕೆ ಅವರನ್ನು ಸೋಲಿಸುವಷ್ಟು ಮತ, ಅದರಿಂದ ನಷ್ಟವಾದವರ ಕೈಯಲ್ಲಿರಲಿಲ್ಲ.

ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಡುವ 2023ರ ತಿದ್ದುಪಡಿಯನ್ನೂ ಈ ಕಣ್ಣಿನಿಂದಲೇ ನೋಡಬೇಕು. ಮಹಿಳೆಯರು ಪ್ರತಿ ಕ್ಷೇತ್ರದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟಿದ್ದಾರೆ, ಒಟ್ಟಾದರೆ ತಮ್ಮ ಪ್ರತಿನಿಧಿಯನ್ನು ತಾವೇ ಸೋಲಿಸಬಲ್ಲರು. ದಲಿತರು ಬಹುತೇಕ ಮೀಸಲು ಕ್ಷೇತ್ರಗಳಲ್ಲೂ ಅಲ್ಪಸಂಖ್ಯಾತರು. ಎರಡೂ ಮೀಸಲಾತಿಗೆ ಒಂದೇ ಜಂಟಿ ಮತದಾನ ಸಾಕೆಂಬ ವಾದ ಈ ಅಂತರವನ್ನು ನುಂಗಿಹಾಕುತ್ತದೆ. ಗುರುತು ಬೇಕೋ ಹಿತ ಬೇಕೋ ಎಂಬ ಜಗಳದಲ್ಲಿ ಐವತ್ತು ವರ್ಷ ಕಳೆದಿದ್ದೇವೆ. ಮೀಸಲು ಸ್ಥಾನಗಳು ಇರಲೇಬೇಕು. ಆದರೆ ಯಾರ ಹೆಸರಿನಲ್ಲಿ ಅವು ಮೀಸಲಾಗಿವೆಯೋ ಅವರ ಒಪ್ಪಿಗೆಯಿಲ್ಲದೆ ಯಾರೂ ಅವನ್ನು ಗೆಲ್ಲಲಾಗದಂಥ ನಿಯಮ ಬರಬೇಕು. ಪೂನಾ ಒಪ್ಪಂದದ ಪೂರ್ವಭಾವಿ ಚುನಾವಣೆ, ನಾಗಪ್ಪನವರ ಶೇ 35, ಎರಡರಲ್ಲಿ ಯಾವುದನ್ನು ತಿದ್ದಿ ಬಳಸಬಹುದೆಂಬುದು ಇಂದು ನಡೆಯಬೇಕಾದ ಚರ್ಚೆ.